ಬಾವಿಯೊಳಗೆ ಯಾರನ್ನೂ ಇಳಿಸಬೇಡಿ ಎಂದವರಿಗೆ

ಮಾನ್ಯ ಸಂಪಾದಕರೇ,

ನಮ್ಮ ತಾಲ್ಲೂಕಿನ ಅಗ್ನಿಶಾಮಕ ಠಾಣೆಯ ಒಬ್ಬ ಸಿಬ್ಬಂದಿಗೆ ಪತ್ರಿಕೆಯ ಮೂಲಕ ಧನ್ಯವಾದ ಹೇಳಬೇಕಿದೆ. ಹೆಸರು ಬರೆಯುವುದಿಲ್ಲ. ಕೇಳಿದಾಗ, ‘ನನ್ನ ಹೆಸರು ಯಾಕೆ ಸರ್, ಗಾಡೀಲಿ ಆರು ಜನ ಬಂದಿದ್ವಿ’ ಎಂದುಬಿಟ್ಟರು. ಅವರು ಒಂದು ಜೀವ ಉಳಿಸಿದರು ಎಂದು ಊರವರು ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಎರಡು. ಹೇಗೆ ಅಂತ ಹೇಳಬೇಕಾದರೆ ನನ್ನ ತಪ್ಪನ್ನೂ ಹೇಳಬೇಕಾಗುತ್ತದೆ.

ನಮ್ಮದು ಸಾಗರದ ಕಡೆಯ ಅಡಿಕೆ ತೋಟದ ಮನೆ. ಹಿತ್ತಲಲ್ಲಿ 38 ಅಡಿಯ ಹಳೆಯ ಬಾವಿ. ಮಳೆಗಾಲಕ್ಕೆ ಮುಂಚೆ ಕೆಸರು ತೆಗೆಸುವುದು ರೂಢಿ. ಈ ಸಲವೂ ಬಾವಿ ಕೆಲಸದ ಅಣ್ಣತಮ್ಮ ಇಬ್ಬರು ಬಂದಿದ್ದರು. ಅಣ್ಣ ಇಳಿಯುವವರು, ತಮ್ಮ ಮೇಲೆ ನಿಂತು ಬುಟ್ಟಿ ಎಳೆಯುವವನು. ಕೆಸರು ತೆಗೆಯುವ ಮೊದಲು ಉಳಿದ ನೀರು ಖಾಲಿಯಾಗಬೇಕು. ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ. ನಾನು ಪೇಟೆಗೆ ಹೋಗಿ ಪೆಟ್ರೋಲ್ ಪಂಪು ಬಾಡಿಗೆಗೆ ತಂದೆ.

ಪಂಪನ್ನು ಬಾವಿಕಟ್ಟೆಯ ಪಕ್ಕ ಇಟ್ಟು ಪೈಪು ಬಿಟ್ಟರೆ ನೀರು ಏರಲೇ ಇಲ್ಲ. ನೀರಿನ ಮಟ್ಟ 30 ಅಡಿ ಕೆಳಗಿತ್ತು. ಮೇಲಿಟ್ಟ ಪಂಪು ನೀರನ್ನು ನಿಜವಾಗಿ ಎಳೆಯುವುದಿಲ್ಲವಂತೆ. ಅದು ಪೈಪಿನೊಳಗಿನ ಗಾಳಿ ತೆಗೆಯುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತದೆ. ಆ ಒತ್ತಡಕ್ಕೆ ತಾಕತ್ತಿರುವುದೇ ಹೆಚ್ಚೆಂದರೆ 34 ಅಡಿಗೆ. ಪೈಪಿನ ಸೋರಿಕೆ, ಪಂಪಿನ ಸವೆತ ಎಲ್ಲ ಕಳೆದರೆ 25 ಅಡಿ ಸಿಕ್ಕಿದರೆ ಪುಣ್ಯ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆವತ್ತು ನಮಗೆ ಹೊಳೆದದ್ದು ಒಂದೇ, ಪಂಪನ್ನೇ ಕೆಳಗೆ ಇಳಿಸುವುದು.

ಬಾವಿಯೊಳಗೆ 20 ಅಡಿಯ ಹತ್ತಿರ ಕಲ್ಲಿನ ಅಗಲವಾದ ಮೆಟ್ಟು ಇದೆ. ಹಗ್ಗ ಕಟ್ಟಿ ಪಂಪನ್ನು ಅಲ್ಲಿಗೆ ಇಳಿಸಿದೆವು. ಅಣ್ಣ ಇಳಿದು ಚಾಲೂ ಮಾಡಿ ತಕ್ಷಣ ಮೇಲೆ ಬಂದರು. ಪಂಪು ಚೆನ್ನಾಗಿಯೇ ಓಡಿತು. ಮುಕ್ಕಾಲು ಗಂಟೆಯಾದ ಮೇಲೆ ಪೆಟ್ರೋಲ್ ಮುಗಿದು ನಿಂತಿತು.

ಹೊಗೆ ಹೋಗಲಿ ಅಂತ ಕಾಲು ಗಂಟೆ ಕಾದೆವು. ಹಳೆಯ ಬಾವಿಗೆ ಇಳಿಯುವ ಮುಂಚೆ ದೀಪ ಇಳಿಸಿ ನೋಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಂದೀಲು ಹಚ್ಚಿ ಹಗ್ಗದಲ್ಲಿ ಬಿಟ್ಟೆವು. ತಳದವರೆಗೂ ನಿಗಿನಿಗಿ ಉರಿಯಿತು. ಕೆಳಗೆ ಬಗ್ಗಿ ಮೂಸಿದರೆ ವಾಸನೆಯೂ ಅಷ್ಟಾಗಿ ಇರಲಿಲ್ಲ. ಅಣ್ಣ ಪೆಟ್ರೋಲ್ ಕ್ಯಾನು ಹಿಡಿದು ಇಳಿದರು. ಪೆಟ್ರೋಲ್ ತುಂಬಿದರು, ಪೈಪು ಸರಿ ಮಾಡಿದರು, ಹಗ್ಗ ಎಳೆದು ಚಾಲೂ ಮಾಡಲು ನೋಡಿದರು. ಎಂಜಿನ್ ಹತ್ತಲಿಲ್ಲ. ನಾಲ್ಕೈದು ಸಲ ಎಳೆದ ಮೇಲೆ, ‘ತಲೆ ಸಿಡೀತಾ ಇದೆ ಮಾರಾಯ್ರೇ, ಸ್ವಲ್ಪ ಕೂರ್ತೀನಿ’ ಎಂದರು. ಕೂತರು. ಗೋಡೆಗೆ ಒರಗಿದರು. ಆಮೇಲೆ ಎಷ್ಟು ಕೂಗಿದರೂ ಮಾತಿಲ್ಲ.

ತಮ್ಮ ಆಗಲೇ ಅಂಗಿ ಕಳಚಿದ್ದ. ಬಾವಿಕಟ್ಟೆಗೆ ಒಂದು ಕಾಲು ಹಾಕಿಯೂ ಆಗಿತ್ತು. ನಾನು 112ಕ್ಕೆ ಫೋನ್ ಮಾಡಿದೆ. ಅಲ್ಲಿಂದ ಠಾಣೆಗೆ ಸಂಪರ್ಕ ಕೊಟ್ಟರು. ಆ ಕಡೆಯವರು ಊರಿನ ದಾರಿ ಕೇಳಿದರು, ಬಾವಿಯಲ್ಲಿ ಎಷ್ಟು ಜನ ಇದ್ದಾರೆ ಎಂದರು. ಮೂರನೆಯ ಪ್ರಶ್ನೆ, ‘ಒಳಗೆ ಎಂಜಿನ್ ಓಡಿತ್ತಾ?’ ಹೌದು ಎಂದೆ. ದನಿಯೇ ಬದಲಾಯಿತು. ‘ಯಾರನ್ನೂ ಇಳಿಸಬೇಡಿ. ಇಳಿಯೋಕೆ ಹೊರಟವರು ಇದ್ದರೆ ಹಿಡಿದು ಕೂರಿಸಿ. ಬೇಕಾದರೆ ಕಟ್ಟಿ ಹಾಕಿ.’

ನಾವು ಅಕ್ಷರಶಃ ಅದನ್ನೇ ಮಾಡಿದೆವು. ಪಕ್ಕದ ಮನೆಯವರು ಇಬ್ಬರು ತಮ್ಮನ ತೋಳು ಹಿಡಿದುಕೊಂಡರು. ಅವನು ನಮ್ಮನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಒಡಹುಟ್ಟಿದವನು ಕಣ್ಣೆದುರು ಬಿದ್ದಿರುವಾಗ ಸುಮ್ನೆ ನಿಲ್ಲಿ ಎಂದರೆ ಯಾರು ಕೇಳುತ್ತಾರೆ? ಒಬ್ಬರ ಹಿಂದೆ ಒಬ್ಬರು ಇಳಿದು ಒಂದೇ ಮನೆಯ ಎರಡು ಮೂರು ಜನ ಹೋದ ಸುದ್ದಿಯನ್ನು ನಾನೂ ಓದಿದ್ದೇನೆ. ಓದುವಾಗ ‘ಎಂಥ ಮೂರ್ಖರು’ ಅನ್ನಿಸುತ್ತಿತ್ತು. ಈಗ ಹಾಗನ್ನಿಸುವುದಿಲ್ಲ.

ಫೋನಿನಲ್ಲಿದ್ದವರು ಇನ್ನೊಂದು ಕೆಲಸ ಹೇಳಿದರು. ಸೊಪ್ಪಿನ ದಪ್ಪ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಬಾವಿಯೊಳಗೆ ಮೇಲೆ ಕೆಳಗೆ ಆಡಿಸುತ್ತಿರಬೇಕು. ಇದರಿಂದ ಒಳಗಿನ ಗಾಳಿ ಒಂದಿಷ್ಟು ಕದಲಿ ಹೊರಗಿನ ಗಾಳಿ ಸೇರುತ್ತದೆ. ‘ಬಿದ್ದಿರೋರಿಗೆ ಇದರಿಂದ ಸ್ವಲ್ಪ ಉಪಕಾರ ಆಗಬಹುದು. ಆದರೆ ಇದನ್ನ ನಂಬಿಕೊಂಡು ನೀವು ಇಳೀಬೇಡಿ’ ಎಂದೂ ಸೇರಿಸಿದರು. ಹಲಸಿನ ಕೊಂಬೆ ಕಡಿದು ತಂದೆವು. ಗಾಡಿ ಬರುವವರೆಗೆ, ಸುಮಾರು 25 ನಿಮಿಷ, ಸರದಿಯಲ್ಲಿ ಆಡಿಸಿದೆವು. ತಮ್ಮನಿಗೂ ಅದೇ ಕೆಲಸ ಕೊಟ್ಟ ಮೇಲೆ ಅವನು ಸ್ವಲ್ಪ ಹತೋಟಿಗೆ ಬಂದ.

ಗಾಡಿ ಬಂತು. ಇಳಿದವರೇ ಓಡಿ ಬಂದು ಬಾವಿಗೆ ಹಾರುತ್ತಾರೆ ಅಂತ ನಾನು ಕಾಯುತ್ತಿದ್ದೆ. ಹಾಗಾಗಲಿಲ್ಲ. ಒಬ್ಬರು ಬೆನ್ನಿಗೆ ಗಾಳಿಯ ಸಿಲಿಂಡರ್ ಏರಿಸಿದರು, ಮುಖಕ್ಕೆ ಮಾಸ್ಕ್ ಕಟ್ಟಿದರು, ಅಂಚಿನಲ್ಲಿ ಗಾಳಿ ನುಸುಳುತ್ತದೆಯೋ ಎಂದು ಪರೀಕ್ಷಿಸಿದರು, ಸಿಲಿಂಡರಿನ ಮುಳ್ಳು ನೋಡಿ ಪಕ್ಕದವರಿಗೆ ಹೇಳಿದರು. ಅವರು ಹೊತ್ತನ್ನು ಬರೆದುಕೊಂಡರು. ಇನ್ನೊಬ್ಬರು ಅದೇ ವೇಷದಲ್ಲಿ ಸಿದ್ಧರಾಗಿ ಕಟ್ಟೆಯ ಬಳಿ ನಿಂತರು, ಆದರೆ ಇಳಿಯಲಿಲ್ಲ. ಮೊದಲನೆಯವರಿಗೆ ಏನಾದರೂ ಆದರೆ ಅವರು ಇಳಿಯಬೇಕು. ಇದಕ್ಕೆಲ್ಲ ಎರಡು ಮೂರು ನಿಮಿಷ ಹಿಡಿಯಿತು. ಆ ಹೊತ್ತಿಗೆ ನನಗೆ ಸಿಟ್ಟೇ ಬಂದಿತ್ತು, ಒಪ್ಪಿಕೊಳ್ಳುತ್ತೇನೆ.

ಕೆಳಗೆ ಹೋದವರೇ ನಾನು ಹೇಳುತ್ತಿರುವ ವ್ಯಕ್ತಿ, ಫೋನಿನಲ್ಲಿ ‘ಯಾರನ್ನೂ ಇಳಿಸಬೇಡಿ’ ಎಂದವರೂ ಅವರೇ. ಒಂದೇ ಹಗ್ಗದಲ್ಲಿ ಎರಡು ಕುಣಿಕೆ ಹಾಕಿದ ಗಂಟು ಅವರ ಜೊತೆ ಹೋಯಿತು. ಚೇರ್ ನಾಟ್ ಅನ್ನುತ್ತಾರಂತೆ. ಒಂದು ಕುಣಿಕೆ ಕಂಕುಳ ಕೆಳಗೆ, ಇನ್ನೊಂದು ಮೊಣಕಾಲಿನ ಹಿಂದೆ. ಪ್ರಜ್ಞೆ ಇಲ್ಲದವರೂ ಕುರ್ಚಿಯಲ್ಲಿ ಕೂತ ಹಾಗೆ ಮೇಲೆ ಬರುತ್ತಾರೆ, ಜಾರುವುದಿಲ್ಲ. ಇಳಿದ ಆರೇಳು ನಿಮಿಷಕ್ಕೆ ಅಣ್ಣ ಮೇಲಿದ್ದರು. ಉಸಿರು ಇತ್ತು.

108ರ ಆಂಬುಲೆನ್ಸ್ ಅಷ್ಟರಲ್ಲಿ ಬಂದಿತ್ತು. ಬೆರಳಿಗೆ ಆಕ್ಸಿಮೀಟರ್ ಹಾಕಿದರು. 97 ಎಂದು ತೋರಿಸಿತು. ಕೊರೋನಾ ಕಾಲದಲ್ಲಿ ನಾವೆಲ್ಲ ಈ ಮೀಟರಿನ ಪಂಡಿತರಾಗಿದ್ದೆವಲ್ಲ, 97 ಅಂದರೆ ಏನೂ ತೊಂದರೆ ಇಲ್ಲ ಅಂತ ನನಗೆ ಉಸಿರು ಬಂತು. ಆಗಷ್ಟೇ ಮಾಸ್ಕ್ ತೆಗೆದು ಬೆವರು ಒರೆಸುತ್ತಿದ್ದ ಈ ಮನುಷ್ಯ ಆಂಬುಲೆನ್ಸಿನವರ ಹತ್ತಿರ ಹೋಗಿ, ‘ಎಂಜಿನ್ ಹೊಗೆ ಕುಡಿದಿದ್ದಾರೆ, ಮೀಟರ್ ನೋಡಿ ಆಕ್ಸಿಜನ್ ಕಮ್ಮಿ ಮಾಡಬೇಡಿ, ಆಸ್ಪತ್ರೇಲೂ ಹೇಳಿ’ ಎಂದರು.

ಆಸ್ಪತ್ರೆಯ ಡಾಕ್ಟರು ಅದರ ಗುಟ್ಟು ಬಿಡಿಸಿದರು. ಎಂಜಿನ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ಅದು ಹೋಗಿ ಕೂರುತ್ತದೆ, ಅದೂ 200 ಪಟ್ಟು ಹೆಚ್ಚು ಗಟ್ಟಿಯಾಗಿ. ಹಾಗೆ ಕೂತ ರಕ್ತವೂ ಕೆಂಪಗೇ ಇರುವುದರಿಂದ ಬೆರಳಿನ ಮೀಟರ್ ಅದನ್ನು ಆಮ್ಲಜನಕ ಅಂತಲೇ ಎಣಿಸಿಬಿಡುತ್ತದೆ. ಒಳಗೆ ಮಿದುಳು ಉಸಿರಿಲ್ಲದೆ ಒದ್ದಾಡುತ್ತಿದ್ದರೂ ಮೀಟರ್ 97 ತೋರಿಸಬಲ್ಲದು. ಸುಮ್ನೆ ಹೊರಗಿನ ಗಾಳಿಯಲ್ಲಿ ಮಲಗಿಸಿದರೆ ಆ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಮಾಸ್ಕಿನಲ್ಲಿ ಪೂರ್ತಿ ಆಕ್ಸಿಜನ್ ಕೊಟ್ಟರೆ ಒಂದೂವರೆ ಗಂಟೆ ಸಾಕು.

ಕಂದೀಲಿನ ವಿಷಯವೂ ಆಗ ಅರ್ಥವಾಯಿತು. ಎಲೆ ಕೊಳೆತು ಗಾಳಿ ಕೆಟ್ಟ ಬಾವಿಯಲ್ಲಿ ಆಮ್ಲಜನಕವೇ ಕಡಿಮೆ ಇರುತ್ತದೆ, ಅಲ್ಲಿ ದೀಪ ನಂದುತ್ತದೆ. ನಮ್ಮ ಹಿರಿಯರ ಪರೀಕ್ಷೆ ಅದಕ್ಕೆ. ಅವರ ಕಾಲದಲ್ಲಿ ಬಾವಿಯೊಳಗೆ ಪೆಟ್ರೋಲ್ ಎಂಜಿನ್ ಎಲ್ಲಿತ್ತು? ಮೊನಾಕ್ಸೈಡ್ ಮನುಷ್ಯನನ್ನು ಬೀಳಿಸಲು ಸಾವಿರ ಪಾಲು ಗಾಳಿಯಲ್ಲಿ ಎರಡು ಮೂರು ಪಾಲು ಇದ್ದರೂ ಸಾಕು. ಅಷ್ಟಕ್ಕೆ ದೀಪಕ್ಕೆ ಏನೂ ಆಗುವುದಿಲ್ಲ. ಬಾವಿಯೊಳಗೆ ಗಾಳಿಯಾಡುವುದಿಲ್ಲವಾದ್ದರಿಂದ ಎಂಜಿನ್ ನಿಂತು ಕಾಲು ಗಂಟೆಯಲ್ಲ, ಗಂಟೆಗಟ್ಟಲೆ ಆದರೂ ಅದು ಅಲ್ಲೇ ಇರಬಹುದು.

ಮೂರನೆಯ ದಿನ ಅಣ್ಣ ಮನೆಗೆ ಬಂದರು. ತಲೆನೋವು ಇನ್ನೂ ಇದೆ. ಮರೆವು, ನಡಿಗೆಯಲ್ಲಿ ತಡವರಿಕೆ ಕೆಲವು ವಾರಗಳ ನಂತರವೂ ಕಾಣಿಸಬಹುದು, ಕಂಡರೆ ಕರೆದುಕೊಂಡು ಬನ್ನಿ ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ. ಅವರ ಆಸ್ಪತ್ರೆ ಖರ್ಚು, ಕೆಲಸವಿಲ್ಲದ ದಿನಗಳ ಕೂಲಿ ನನ್ನದು. ಪಂಪು ಇಳಿಸಿ ಎಂದವನು ನಾನೇ ತಾನೆ. ಬಾಡಿಗೆ ಕೊಟ್ಟ ಅಂಗಡಿಯವರು ‘ಬಾವಿಗೆ ಇಳಿಸಬೇಡಿ’ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮರುದಿನ ಠಾಣೆಗೆ ಹೋಗಿದ್ದೆ. ‘ಹಾಗಾದರೆ ಏನು ಮಾಡಬೇಕಿತ್ತು?’ ಎಂದು ಕೇಳಿದೆ. ನೀರು 25 ಅಡಿಗಿಂತ ಕೆಳಗಿದ್ದರೆ ಕರೆಂಟಿನ ಸಬ್‌ಮರ್ಸಿಬಲ್ ಪಂಪು ಮಾತ್ರ ಒಳಗೆ ಹೋಗಬೇಕು. ಕರೆಂಟು ಇಲ್ಲದಿದ್ದರೆ ಜನರೇಟರ್ ತರಬೇಕು, ಅದನ್ನೂ ಬಾವಿಯಿಂದ ದೂರ, ಹೊಗೆ ಬಾವಿಯ ಕಡೆ ಬೀಸದ ಹಾಗೆ ಇಡಬೇಕು. ಇನ್ನೊಂದು ಮಾತು ಹೇಳಿದರು, ಅದು ನನ್ನ ತಲೆಯಿಂದ ಹೋಗಿಲ್ಲ. ‘ಸೊಂಟಕ್ಕೆ ಸುಮ್ನೆ ಕಟ್ಟೋದಲ್ಲ, ಎದೆಗೂ ತೊಡೆಗೂ ಬರೋ ಬೆಲ್ಟ್ ಹಾಕಿ, ಅದಕ್ಕೆ ಹಗ್ಗ ಕಟ್ಟಿ ಇಳಿಸಿದ್ದಿದ್ರೆ, ಅವರು ತಲೆ ಸಿಡೀತಾ ಇದೆ ಅಂದ ಕ್ಷಣ ನೀವೇ ಮೇಲಿಂದ ಎಳೆದುಬಿಡ್ತಿದ್ರಿ. ನಾವು ಬರೋದೇ ಬೇಕಿರಲಿಲ್ಲ.’

ಹೊರಡುವಾಗ ಅವರೇ ಕೇಳಿದರು, ‘ಪಂಪು ಎಲ್ಲಿದೆ?’ ಇನ್ನೂ ಬಾವಿಯೊಳಗೇ ಇದೆ ಎಂದೆ. ‘ತೆಗೆಯೋಕೆ ಯಾರಾದ್ರೂ ಇಳಿದ್ರಾ?’ ಇಲ್ಲ ಎಂದೆ. ಇಳಿಸುವಾಗ ಕಟ್ಟಿದ ಹಗ್ಗ ಬಿಚ್ಚಿರಲೇ ಇಲ್ಲ. ಸಂಜೆ ತಮ್ಮನೂ ನಾನೂ ಸೇರಿ ಪಂಪನ್ನು ಮೇಲಿಂದಲೇ ಎಳೆದುಕೊಂಡೆವು.

ಇಂತಿ,
ಒಬ್ಬ ಅಡಿಕೆ ಬೆಳೆಗಾರ,
ಸಾಗರ ತಾಲ್ಲೂಕು