ಹೋಗಿಬರುವ ದಾರಿಯ ಸರಾಸರಿ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಫೋಟೊ ತೆಗೆದು ಕಳಿಸಿದ ಎರಡು ಲೆಕ್ಕಗಳನ್ನೂ ನಿಧಾನವಾಗಿ ಕೂತು ನೋಡಿದೆ. ಎರಡರಲ್ಲೂ ಕೇಳಿರುವುದು ಕಾರಿನ ಒಟ್ಟು ಸರಾಸರಿ ವೇಗ. ಮೊದಲನೆಯದರಲ್ಲಿ ಕಾರು ಹೋಗುವಾಗ ಗಂಟೆಗೆ 60 ಕಿ.ಮೀ., ಅದೇ ದಾರಿಯಲ್ಲಿ ವಾಪಸ್ ಬರುವಾಗ 40 ಕಿ.ಮೀ. ನೀನು ಎರಡನ್ನೂ ಕೂಡಿಸಿ ಅರ್ಧ ಮಾಡಿ 50 ಎಂದು ಬರೆದೆ. ತಪ್ಪಾಯಿತು. ಆಮೇಲೆ ಒಂದು ಸೂತ್ರ ಬಾಯಿಪಾಠ ಮಾಡಿಕೊಂಡೆ. ಎರಡನೆಯ ಲೆಕ್ಕದಲ್ಲಿ ಕಾರು ಮೊದಲ 2 ಗಂಟೆ 60ರಲ್ಲಿ, ಮುಂದಿನ 2 ಗಂಟೆ 40ರಲ್ಲಿ ಓಡುತ್ತದೆ. ಅಲ್ಲಿ ಸೂತ್ರ ಹಾಕಿ 48 ಎಂದು ಬರೆದೆ. ಅದೂ ತಪ್ಪಾಯಿತು, ಅಲ್ಲಿ 50 ಸರಿಯಂತೆ. "ಅವೇ ಅಂಕಿಗಳು, ಉತ್ತರ ಮಾತ್ರ ಬೇರೆ ಬೇರೆ. ತಲೆ ಕೆಡ್ತಿದೆ ದೊಡ್ಡಪ್ಪ" ಎಂದಿದ್ದೀಯ. ತಲೆ ಕೆಡುವುದು ಸಹಜ ಮಗಳೇ. ಸೂತ್ರವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡು. ನನ್ನ ಜೊತೆ ಆ ಕಾರಿನಲ್ಲಿ ಕೂತುಕೋ.

ದಾರಿ 120 ಕಿ.ಮೀ. ಎಂದು ಇಟ್ಟುಕೊಳ್ಳೋಣ. ಹೋಗುವಾಗ 60ರಲ್ಲಿ 2 ಗಂಟೆ ಬೇಕು. ಬರುವಾಗ 40ರಲ್ಲಿ 3 ಗಂಟೆ. ಒಟ್ಟು ಓಡಿದ್ದು 240 ಕಿ.ಮೀ., ಹಿಡಿದದ್ದು 5 ಗಂಟೆ. 240ನ್ನು 5ರಿಂದ ಭಾಗಿಸಿದರೆ 48. ಸರಾಸರಿ ವೇಗ ಎಂದರೆ ಇಷ್ಟೇ. ಒಟ್ಟು ದೂರವನ್ನು ಒಟ್ಟು ಸಮಯದಿಂದ ಭಾಗಿಸುವುದು. (ನಿನ್ನ ವಿಜ್ಞಾನದ ಪುಸ್ತಕದಲ್ಲಿ ಇದನ್ನು 'ಜವ' ಎನ್ನುತ್ತಾರೆ. ಅಲ್ಲಿ 'ವೇಗ'ಕ್ಕೆ ದಿಕ್ಕೂ ಸೇರುತ್ತದೆ, ಹಾಗಾಗಿ ಹೊರಟ ಕಡೆಗೇ ವಾಪಸ್ ಬಂದರೆ ಸರಾಸರಿ ವೇಗ ಸೊನ್ನೆ. ನಾನು ಇಲ್ಲಿ ಮಾತಿನಲ್ಲಿ ಬಳಸುವ ಹಾಗೆ ವೇಗ ಎಂದೇ ಬರೆಯುತ್ತೇನೆ.)

ಈಗ ಆ ಐದು ಗಂಟೆಗಳನ್ನು ಒಂದೊಂದಾಗಿ ನೋಡು. ಎರಡು ಗಂಟೆ ಹೊತ್ತು ಸ್ಪೀಡೋಮೀಟರ್ ಮುಳ್ಳು 60ರ ಮೇಲಿತ್ತು. ಮೂರು ಗಂಟೆ ಹೊತ್ತು 40ರ ಮೇಲಿತ್ತು. ಗಂಟೆಗೊಮ್ಮೆ ಬರೆದುಕೊಂಡಿದ್ದರೆ 60, 60, 40, 40, 40 ಎಂದು ಬರೆಯುತ್ತಿದ್ದೆ. ಈ ಐದನ್ನು ಕೂಡಿಸಿ ಐದರಿಂದ ಭಾಗಿಸು. 48 ಬಂತು, ಅಲ್ವಾ? ನೀನು 60ನ್ನೂ 40ನ್ನೂ ಒಂದೊಂದೇ ಸಲ ಬರೆದು ಅರ್ಧ ಮಾಡಿದಾಗ ಎರಡಕ್ಕೂ ಸಮ ಪಾಲು ಕೊಟ್ಟೆ. ಆದರೆ ಕಾರು ಸಮ ಪಾಲು ಕೊಟ್ಟಿರಲಿಲ್ಲ. ನಿಧಾನವಾಗಿ ಹೋಗುವಾಗ ಅದೇ ದಾರಿಗೆ ಜಾಸ್ತಿ ಹೊತ್ತು ಬೇಕು. ಅದಕ್ಕೇ ನಿಧಾನದ ವೇಗಕ್ಕೆ ಜಾಸ್ತಿ ಪಾಲು ಸಿಗುತ್ತದೆ, ಸರಾಸರಿ ಅದರ ಕಡೆಗೆ ವಾಲುತ್ತದೆ.

ಎರಡನೆಯ ಲೆಕ್ಕ ಈಗ ತಾನಾಗಿ ಬಿಡಿಸಿಕೊಳ್ಳುತ್ತದೆ. ಅಲ್ಲಿ ಗಂಟೆಗಳೇ ಸಮ. 60, 60, 40, 40. ಸರಾಸರಿ 50. ದೂರ ಮಾತ್ರ ಸಮ ಇಲ್ಲ, ಮೊದಲ ಭಾಗ 120 ಕಿ.ಮೀ., ಎರಡನೆಯದು 80. ಹಾಗಾಗಿ ಲೆಕ್ಕ ಓದಿದ ಕೂಡಲೇ ನೀನು ಹುಡುಕಬೇಕಾದ್ದು ಇದನ್ನು: ಸಮವಾಗಿರುವುದು ಹೊತ್ತೋ, ದೂರವೋ? ಹೊತ್ತು ಸಮ ಇದ್ದರೆ ಸುಮ್ನೆ ಕೂಡಿಸಿ ಅರ್ಧ ಮಾಡು. ಹೋಗಿಬರುವ ದಾರಿಯಲ್ಲಿ ಸಮ ಇರುವುದು ದೂರ.

ನಾನು ಇದನ್ನು ಪುಸ್ತಕದಿಂದ ಕಲಿಯಲಿಲ್ಲ. ಲಾರಿಗಳ ಟ್ರಿಪ್ ಹೊಂದಿಸುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕ್ವಾರಿಯ ಕಲ್ಲು ಸಾಗಿಸುವ ಕೆಲಸ ಬಂತು. ಒಂದು ಕಡೆಗೆ 30 ಕಿ.ಮೀ., ಉದ್ದಕ್ಕೂ ಏರು. ಲೋಡ್ ತುಂಬಿಕೊಂಡು ಏರುವಾಗ ಗಾಡಿ ಗಂಟೆಗೆ 20ರಲ್ಲಿ ತೆವಳುತ್ತಿತ್ತು. ಖಾಲಿ ಗಾಡಿ ಇಳಿಯುವಾಗ 60. ನಾನು ಸರಾಸರಿ 40 ಎಂದುಕೊಂಡೆ. ಹೋಗಿಬರಲು 60 ಕಿ.ಮೀ., ಅಂದರೆ ಒಂದೂವರೆ ಗಂಟೆ. ಎಂಟು ಗಂಟೆಯಲ್ಲಿ ಐದು ಟ್ರಿಪ್ ಆಗಿ ಅರ್ಧ ಗಂಟೆ ಉಳಿಯುತ್ತದೆ ಎಂದು ಬರೆದುಕೊಟ್ಟೆ. ತುಂಬುವ, ಇಳಿಸುವ ಹೊತ್ತನ್ನು ಬೇರೆಯಾಗಿಯೇ ಲೆಕ್ಕ ಹಿಡಿದಿದ್ದೆ, ಅದರಲ್ಲಿ ತಪ್ಪಿರಲಿಲ್ಲ.

ಮೊದಲ ದಿನ ನಾಲ್ಕೇ ಟ್ರಿಪ್ ಆಯಿತು. ಎರಡನೆಯ ದಿನವೂ ನಾಲ್ಕೇ. ಚಾಲಕರು ದಾರಿಯಲ್ಲಿ ನಿಲ್ಲಿಸುತ್ತಿದ್ದಾರೆ ಎಂದು ನಾನು ಅನುಮಾನಪಟ್ಟೆ, ಒಬ್ಬರ ಮುಖದ ಮೇಲೆಯೇ ಕೇಳಿಯೂಬಿಟ್ಟೆ. ಅವರು ಜಗಳಕ್ಕೆ ಬರಲಿಲ್ಲ. "ನಾಳೆ ನೀವೇ ಗಡಿಯಾರ ಹಿಡಿದು ಪಕ್ಕದಲ್ಲಿ ಕೂತ್ಕೊಳ್ಳಿ ಸಾರ್" ಎಂದರು. ಕೂತೆ. ಏರಲು ಒಂದೂವರೆ ಗಂಟೆ ಹಿಡಿಯಿತು, ಇಳಿಯಲು ಅರ್ಧ ಗಂಟೆ. ಒಟ್ಟು ಎರಡು ಗಂಟೆ. ನಾನು ಇಡೀ ಟ್ರಿಪ್ಪಿಗೆಂದು ಬರೆದಿದ್ದ ಒಂದೂವರೆ ಗಂಟೆ ಬರೀ ಏರುವಷ್ಟರಲ್ಲೇ ಮುಗಿದುಹೋಗಿತ್ತು! ನಿಜವಾದ ಸರಾಸರಿ 40 ಅಲ್ಲ, 30. ಆ ಮನುಷ್ಯನ ಹತ್ತಿರ ಕ್ಷಮೆ ಕೇಳಿದೆ. ಇವತ್ತಿಗೂ ಆ ದಿನ ನೆನಪಾದರೆ ಮನಸ್ಸಿಗೆ ಬೇಜಾರಾಗುತ್ತದೆ, ನನ್ನ ಕೂಡುವ ಲೆಕ್ಕದ ತಪ್ಪನ್ನು ಒಬ್ಬ ದುಡಿಯುವವನ ತಲೆಗೆ ಕಟ್ಟಿದ್ದೆನಲ್ಲ ಎಂದು.

ಆಮೇಲಿಂದ ನಾನು ಲೆಕ್ಕವನ್ನೇ ತಿರುಗಿಸಿ ಹಾಕತೊಡಗಿದೆ. ಗಂಟೆಗೆ ಎಷ್ಟು ಕಿಲೋಮೀಟರ್ ಎಂದು ಕೇಳುವ ಬದಲು, ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ ಎಂದು ಕೇಳುವುದು. 20ರಲ್ಲಿ ಏರುವ ಗಾಡಿಗೆ ಕಿಲೋಮೀಟರಿಗೆ 3 ನಿಮಿಷ. 60ರಲ್ಲಿ ಇಳಿಯುವಾಗ 1 ನಿಮಿಷ. ಹೋಗುವ ಕಿಲೋಮೀಟರುಗಳೂ ಬರುವ ಕಿಲೋಮೀಟರುಗಳೂ ಅಷ್ಟಷ್ಟೇ ಇರುವುದರಿಂದ, ಈ ನಿಮಿಷಗಳನ್ನು ಧೈರ್ಯವಾಗಿ ಕೂಡಿಸಿ ಅರ್ಧ ಮಾಡಬಹುದು. 3 ಮತ್ತು 1ರ ಸರಾಸರಿ 2 ನಿಮಿಷ. ಕಿಲೋಮೀಟರಿಗೆ 2 ನಿಮಿಷ ಅಂದರೆ ಗಂಟೆಗೆ 30. ನಿನ್ನ ಕಾರಿಗೂ ಹಾಕಿ ನೋಡು. 60ಕ್ಕೆ 1 ನಿಮಿಷ, 40ಕ್ಕೆ ಒಂದೂವರೆ ನಿಮಿಷ, ಸರಾಸರಿ ಒಂದೂಕಾಲು ನಿಮಿಷ. 60ನ್ನು ಒಂದೂಕಾಲರಿಂದ ಭಾಗಿಸಿದರೆ 48. ದೂರದ ಓಟ ಓಡುವವರು ತಮ್ಮ ವೇಗವನ್ನು ಹೀಗೆ ಕಿಲೋಮೀಟರಿಗೆ ಇಷ್ಟು ನಿಮಿಷ ಎಂದೇ ಹೇಳುವುದು. ನನಗಂತೂ ಇದಕ್ಕಿಂತ ಚೆಂದದ ದಾರಿ ಕಂಡಿಲ್ಲ.

ನೀನು ಬಾಯಿಪಾಠ ಮಾಡಿದ ಸೂತ್ರ, `2ab/(a+b)`, ಹುಟ್ಟಿದ್ದೂ ಇಲ್ಲಿಂದಲೇ. ಒಂದು ಕಿಲೋಮೀಟರಿಗೆ ಹೋಗುವಾಗ `1/a` ಗಂಟೆ, ಬರುವಾಗ `1/b` ಗಂಟೆ. ಎರಡು ಕಿಲೋಮೀಟರನ್ನು ಈ ಎರಡರ ಮೊತ್ತದಿಂದ ಭಾಗಿಸಿದರೆ ಸೂತ್ರ ಬರುತ್ತದೆ. ಅದಕ್ಕೆ ಹರಾತ್ಮಕ ಸರಾಸರಿ ಎಂಬ ಹೆಸರೂ ಇದೆ. ದೂರ ಎಷ್ಟೇ ಇದ್ದರೂ ಉತ್ತರ ಬದಲಾಗುವುದಿಲ್ಲ. 120ರ ಬದಲು 60 ಕಿ.ಮೀ. ತೆಗೆದುಕೊಂಡಿದ್ದರೂ 48 ಬರುತ್ತಿತ್ತು. ಆದರೆ ಹೋಗುವ ದಾರಿ ಒಂದು, ಬರುವ ದಾರಿ ಇನ್ನೊಂದು ಆಗಿ ದೂರ ಹೆಚ್ಚುಕಮ್ಮಿಯಾದರೆ ಸೂತ್ರ ಕೈಕೊಡುತ್ತದೆ. ಆಗ ಒಟ್ಟು ದೂರ, ಒಟ್ಟು ಹೊತ್ತು ಎಂದು ಮೊದಲಿನಿಂದ ಹಾಕಬೇಕು.

ಇನ್ನೊಂದು ಮಾತು ಹೇಳದೆ ಪತ್ರ ಮುಗಿಸಲಾರೆ. ನನ್ನ ಲಾರಿ 20ರಲ್ಲಿ ಏರಿತು ಅಂದೆನಲ್ಲ. ಇಳಿಯುವಾಗ ಎಷ್ಟು ಜೋರಾಗಿ ಬಂದರೆ ಒಟ್ಟು ಸರಾಸರಿ 40 ಆಗುತ್ತದೆ? 60 ಎಂದು ನಾಲಿಗೆಯ ತುದಿಗೆ ಬರುತ್ತದೆ. ಲೆಕ್ಕ ಹಾಕು. 60 ಕಿ.ಮೀ. ದಾರಿಯನ್ನು 40ರ ಸರಾಸರಿಯಲ್ಲಿ ಮುಗಿಸಲು ಒಂದೂವರೆ ಗಂಟೆ ಸಿಗುತ್ತದೆ. ಏರುವಾಗಲೇ ಒಂದೂವರೆ ಗಂಟೆ ಖರ್ಚಾಗಿದೆ. ಇಳಿಯಲು ಒಂದು ಕ್ಷಣವೂ ಉಳಿದಿಲ್ಲ. ಎಷ್ಟೇ ವೇಗವಾಗಿ ಬಂದರೂ ಸರಾಸರಿ 40 ಮುಟ್ಟುವುದಿಲ್ಲ.

1934ರಲ್ಲಿ ಮ್ಯಾಕ್ಸ್ ವರ್ಟ್‌ಹೈಮರ್ ಎಂಬ ಮನಶ್ಶಾಸ್ತ್ರಜ್ಞರು ಇಂಥದೇ ಲೆಕ್ಕವನ್ನು ಪತ್ರದಲ್ಲಿ ಬರೆದು ಐನ್‌ಸ್ಟೈನ್‌ಗೆ ಕಳಿಸಿದ್ದರು. ಒಂದು ಹಳೆಯ ಕಾರು ಗುಡ್ಡದ ಈ ಬದಿ ಒಂದು ಮೈಲಿ ಏರುತ್ತದೆ, ಆ ಬದಿ ಒಂದು ಮೈಲಿ ಇಳಿಯುತ್ತದೆ. ಏರುವಾಗ ಗಂಟೆಗೆ 15 ಮೈಲಿ. ಒಟ್ಟು ಸರಾಸರಿ 30 ಆಗಬೇಕಾದರೆ ಇಳಿಯುವಾಗ ಎಷ್ಟು ವೇಗ ಬೇಕು? ಎರಡು ಮೈಲಿಗೆ ಸಿಗುವುದು 4 ನಿಮಿಷ, ಏರಿಗೇ 4 ನಿಮಿಷ ಹೋಗಿರುತ್ತದೆ. ಇಳಿಯಲು ಹೊತ್ತೇ ಉಳಿದಿಲ್ಲ ಎಂಬುದು ಲೆಕ್ಕ ಹಾಕಿದ ಮೇಲಷ್ಟೇ ತಮಗೆ ಹೊಳೆಯಿತು ಎಂದು ಐನ್‌ಸ್ಟೈನ್ ಉತ್ತರ ಬರೆದರು. ನೀನು 50 ಎಂದು ಬರೆದದ್ದಕ್ಕೆ ನಾಚಿಕೆಪಡಬೇಕಿಲ್ಲ ಮಗಳೇ.

ಇದರಿಂದ ನಿನ್ನ ಉತ್ತರವನ್ನು ನೀನೇ ಪರೀಕ್ಷಿಸಿಕೊಳ್ಳುವ ಒಂದು ದಾರಿ ಸಿಗುತ್ತದೆ. ಹೋಗಿಬರುವ ಸರಾಸರಿ ಯಾವತ್ತೂ ಕಡಿಮೆ ವೇಗದ ಎರಡರಷ್ಟನ್ನು ಮುಟ್ಟಕೂಡದು. ಎರಡು ವೇಗ ಬೇರೆ ಬೇರೆ ಇದ್ದರೆ, ಕೂಡಿಸಿ ಅರ್ಧ ಮಾಡಿದ ಅಂಕಿಗಿಂತ ಅದು ಕಡಿಮೆಯೇ ಇರಬೇಕು. ವೇಗಗಳ ಅಂತರ ಸಣ್ಣದಿದ್ದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. 60 ಮತ್ತು 40ಕ್ಕೆ ವ್ಯತ್ಯಾಸ 2 ಮಾತ್ರ. 60 ಮತ್ತು 20ಕ್ಕೆ ಅದೇ 10 ಆಗಿ ನನ್ನ ಒಂದು ಟ್ರಿಪ್ಪನ್ನೇ ನುಂಗಿತು.

ಮುಂದಿನ ಪಾಠದಲ್ಲಿ ದೋಣಿಯ ಲೆಕ್ಕ ಬರುತ್ತದೆ ಎಂದಿದ್ದೆಯಲ್ಲ, ಅದಕ್ಕೂ ಇದೇ ಕಣ್ಣಿಟ್ಟುಕೊಂಡು ಹೋಗು. ನಿಂತ ನೀರಿನಲ್ಲಿ ದೋಣಿಯ ವೇಗ 20, ಹೊಳೆಯ ಸೆಳೆತ 5. ಹರಿವಿನ ಜೊತೆ 25, ಎದುರಿಗೆ 15. ಕೊಟ್ಟದ್ದು, ಕಿತ್ತುಕೊಂಡದ್ದು ಎರಡೂ 5, ಹಾಗಾಗಿ ಸರಿಹೋಯಿತು, ಸರಾಸರಿ 20 ಎಂದು ಅನಿಸುತ್ತದೆ. 75 ಕಿ.ಮೀ. ಹೋಗಿಬರಲಿ. ಹೋಗಲು 3 ಗಂಟೆ, ಬರಲು 5 ಗಂಟೆ. 150ನ್ನು 8ರಿಂದ ಭಾಗಿಸಿದರೆ 18.75. ಹೊಳೆ ತಳ್ಳಿದ್ದು 3 ಗಂಟೆ, ಎಳೆದದ್ದು 5 ಗಂಟೆ.

ಸೆಳೆತವೂ 20 ಆದರೆ ಏನಾಗುತ್ತದೆ ನೋಡು. ಹೋಗುವಾಗ 40, ಬರುವಾಗ 0. ಕೂಡಿಸಿ ಅರ್ಧ ಮಾಡಿದರೆ ಆಗಲೂ 20 ಎಂದೇ ಬರುತ್ತದೆ. ದೋಣಿ ಮಾತ್ರ ತಿರುಗಿ ನಿಂತ ಜಾಗದಲ್ಲೇ ಹುಟ್ಟು ಹಾಕುತ್ತಾ ಇರುತ್ತದೆ.

ಇಂತಿ,
ನಿನ್ನ ದೊಡ್ಡಪ್ಪ