ಮಗಳ ವಾರಗಿತ್ತಿಗೆ ಮೊದಲ ನಮಸ್ಕಾರ

ಎರಡೂ ಮನೆಯ ಹಿರಿಯರಿಗೆ, ಬಂಧುಗಳಿಗೆ, ಗೆಳೆಯರಿಗೆ ನಮಸ್ಕಾರ. ಹೆಣ್ಣಿನ ತಂದೆ ನಾಲ್ಕು ಮಾತು ಆಡಲೇಬೇಕೆಂದು ಬೀಗರು ಮೈಕನ್ನು ನನ್ನ ಕೈಗೆ ಕೊಟ್ಟಿದ್ದಾರೆ. ಮೊದಲು ಗೊತ್ತು ಮಾಡಿದ್ದ ದಿನ ಈ ಮದುವೆ ಏಕೆ ನಡೆಯಲಿಲ್ಲ, ನನ್ನ ಹೆಂಡತಿಗೆ ಏನಾಗಿತ್ತು ಎಂಬುದು ನಿಮಗೆಲ್ಲ ಗೊತ್ತೇ ಇದೆ. ಅದನ್ನು ಮತ್ತೆ ಹೇಳುವುದಿಲ್ಲ. ಅವಳು ಇಂದು ಮುಂದಿನ ಸಾಲಿನಲ್ಲಿ ಕುಳಿತು ಮಗಳ ಮದುವೆಯನ್ನು ಕಣ್ತುಂಬ ನೋಡಿದಳು. ಅದಕ್ಕೆ ಕಾರಣರಾದವರಿಗೆ ಕೈಮುಗಿಯಲು ನಿಂತಿದ್ದೇನೆ.

ನನ್ನ ತಮ್ಮಂದಿರು, ಭಾವಮೈದುನ, ನೆರೆಮನೆಯವರು, ಮಗಳ ಸಹೋದ್ಯೋಗಿಗಳು, ಕಲ್ಯಾಣ ಮಂಟಪದವರ ಜೊತೆ ಮಾತನಾಡಿ ದಿನ ಬದಲಿಸಿಕೊಟ್ಟವರು, ಆಮಂತ್ರಣ ತಲುಪಿದ್ದ ಒಂದೊಂದು ಮನೆಗೂ ಫೋನ್ ಮಾಡಿ ಹೊಸ ದಿನ ತಿಳಿಸಿದವರು, ಆಸ್ಪತ್ರೆಗೂ ಮನೆಗೂ ಓಡಾಡಿದವರು, ನಿಮ್ಮೆಲ್ಲರ ಋಣ ನನ್ನ ಮೇಲಿದೆ. ಹೆಸರು ಹಿಡಿದು ಹೇಳಲು ಹೊರಟರೆ ಯಾರಾದರೂ ಬಿಟ್ಟುಹೋಗುತ್ತಾರೆ, ಅದಕ್ಕೇ ಹೇಳುತ್ತಿಲ್ಲ.

ಒಬ್ಬರ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ಮಾತನಾಡುತ್ತೇನೆ, ಬೇಸರಿಸಬೇಡಿ. ಅಳಿಯಂದಿರ ಅತ್ತಿಗೆ, ಇಂದಿನಿಂದ ನನ್ನ ಮಗಳ ವಾರಗಿತ್ತಿ. ತನ್ನ ಬಗ್ಗೆ ಮಾತು ಶುರುವಾಯಿತೆಂದು ಗೊತ್ತಾದ ಕೂಡಲೇ ಮಗುವನ್ನೆತ್ತಿಕೊಂಡು ಹಿಂದಕ್ಕೆ ಸರಿದಿದ್ದಾಳೆ. ಸರಿಯಲಿ, ಹೇಳುವುದನ್ನು ನಾನು ಹೇಳುತ್ತೇನೆ.

ಹೆಂಗಸರ ವಾರ್ಡಿನಲ್ಲಿ ರಾತ್ರಿ ರೋಗಿಯ ಜೊತೆ ಒಬ್ಬ ಹೆಂಗಸು ಮಾತ್ರ ಇರಬೇಕೆಂಬುದು ಆಸ್ಪತ್ರೆಯ ನಿಯಮ. ಮಗಳು ಇನ್ನೂ ದಾರಿಯಲ್ಲಿದ್ದಳು. ಹಿಂದಿನ ಎರಡು ರಾತ್ರಿ ಕಣ್ಣು ಮುಚ್ಚದೆ ಕುಳಿತಿದ್ದ ನನ್ನ ತಂಗಿಗೆ ಅಂದು ಜ್ವರ ಏರಿತ್ತು. ಬೀಗರ ಮನೆಯವರು ನೋಡಿಕೊಂಡು ಹೋಗಲೆಂದು ಬಂದಿದ್ದರು, ಭೇಟಿಯ ಸಮಯ ಮುಗಿಯುತ್ತಿತ್ತು. ನರ್ಸ್ ಬಂದು, ‘ರಾತ್ರಿಗೆ ಯಾರಿರುತ್ತೀರಿ?’ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಈ ಹುಡುಗಿ, ‘ನಾನಿರುತ್ತೇನೆ’ ಎಂದಳು.

ಅವಳ ಮಗು ಆಗ ತಾಯಿಯ ಮಗ್ಗುಲು ಬಿಟ್ಟು ಮಲಗಿದ್ದೇ ಇಲ್ಲ. ಅವಳು ಗಂಡನ ಮುಖ ನೋಡಲಿಲ್ಲ, ಅತ್ತೆಯ ಮುಖ ನೋಡಲಿಲ್ಲ. ಅತ್ತೆ ಆಗಲೇ ಕೈ ಚಾಚಿ ಮಗುವನ್ನು ಎತ್ತಿಕೊಂಡು, ‘ಇವನನ್ನು ನಾನು ಮಲಗಿಸುತ್ತೇನೆ, ನೀನು ನಿಶ್ಚಿಂತೆಯಿಂದ ಇರು’ ಎಂದರು. ಮಾವ ಕೆಳಗೆ ಹೋಗಿ ಅವಳಿಗೊಂದು ಹೊದಿಕೆ, ನೀರಿನ ಬಾಟಲಿ ತಂದುಕೊಟ್ಟರು. ಮಗಳನ್ನು ಕೊಡುವ ಮನೆಯ ಬಗ್ಗೆ ಯಾವ ತಂದೆಯಾದರೂ ನಾಲ್ಕು ಕಡೆ ವಿಚಾರಿಸುತ್ತಾನೆ. ನಾನೂ ವಿಚಾರಿಸಿದ್ದೆ, ಹುಡುಗನ ಗುಣ, ಕೆಲಸ, ಮನೆತನ, ಎಲ್ಲವೂ ಒಳ್ಳೆಯದೇ ಎಂದು ಕೇಳಿದ್ದೆ. ಆದರೆ ಆ ಮನೆಗೆ ಮೊದಲೇ ಸೊಸೆಯಾಗಿ ಹೋದವಳು ಅಲ್ಲಿ ಹೇಗಿದ್ದಾಳೆ ಎಂಬುದನ್ನು ಆ ವಾರ್ಡಿನ ಬಾಗಿಲಲ್ಲಿ ಕಣ್ಣಾರೆ ಕಂಡೆ. ಅಪ್ಪಣೆ ಕೇಳಬೇಕೆಂಬ ಯೋಚನೆಯೇ ಅವಳಿಗೆ ಬರಲಿಲ್ಲ. ಅವಳ ಮಾತು ಆ ಮನೆಯಲ್ಲಿ ನಡೆಯುತ್ತದೆ. ಅಷ್ಟು ಕಷ್ಟದ ನಡುವೆಯೂ ಮಗಳ ವಿಷಯದಲ್ಲಿ ನನ್ನ ಮನಸ್ಸು ನಿರಾಳವಾಯಿತು.

ಅವಳ ಚೀಲದಲ್ಲಿ ಮನೆಖರ್ಚು ಬರೆಯುವ ಒಂದು ಸಣ್ಣ ಪುಸ್ತಕವಿತ್ತು. ಅದರ ಕೊನೆಯ ಹಾಳೆಗಳಲ್ಲಿ ಗೆರೆ ಎಳೆದು ಗಂಟೆ, ಜ್ವರ, ಕುಡಿದ ನೀರು, ಹೋದ ಮೂತ್ರ ಎಂದು ಬರೆಯುತ್ತಾ ಹೋದಳು. ಇವು ಆಸ್ಪತ್ರೆಯ ಚಾರ್ಟಿನಲ್ಲೂ ಇರುತ್ತವೆ. ಕೊನೆಗೆ ‘ಮಾತು’ ಎಂದು ಇನ್ನೊಂದು ಸಾಲನ್ನು ಅವಳೇ ಸೇರಿಸಿದ್ದಳು. ನರ್ಸ್ ಪರೀಕ್ಷಿಸಲು ಬಂದು ನನ್ನ ಹೆಂಡತಿಗೆ ಎಚ್ಚರವಾದಾಗಲೆಲ್ಲ, ‘ಚಿಕ್ಕಮ್ಮ, ಯಾರ ಮದುವೆ ಇದೆ?’ ಎಂದು ಕೇಳುತ್ತಿದ್ದಳಂತೆ. ಹತ್ತು ಗಂಟೆಗೆ ‘ನನ್ನ ಮಗಳದು’ ಎಂದಿದ್ದಾಳೆ. ಹನ್ನೆರಡಕ್ಕೂ ಅದೇ ಉತ್ತರ, ಆದರೆ ತಡವಾಗಿ ಎಂದು ಪಕ್ಕದಲ್ಲಿ ಬರೆದಿದೆ. ಎರಡು ಗಂಟೆಯ ಎದುರಿಗೆ ಬರೆದಿರುವುದು: ‘ಯಾವ ಮದುವೆ ಎಂದರು.’

ಕ್ಷಮಿಸಿ. ಒಂದು ನಿಮಿಷ.

ಆ ಹೊತ್ತಿಗೆ ಜ್ವರ ಇಳಿದಿತ್ತು. ನಿದ್ದೆಗಣ್ಣಿನಲ್ಲಿ ಏನೋ ಅಂದಿರಬೇಕು ಎಂದು ಯಾರಾದರೂ ಸುಮ್ಮನಾಗುತ್ತಿದ್ದರು. ಇವಳು ಸುಮ್ಮನಾಗಲಿಲ್ಲ. ಮತ್ತೊಮ್ಮೆ ಎಬ್ಬಿಸಿ ಕೇಳಿದ್ದಾಳೆ, ಉತ್ತರ ಬರಲಿಲ್ಲ, ಉಸಿರೂ ಮೊದಲಿಗಿಂತ ವೇಗವಾಗಿತ್ತು. ನರ್ಸ್ ಬಳಿಗೆ ಹೋಗಿ ಪುಸ್ತಕವನ್ನೇ ಮುಂದಿಟ್ಟು, ‘ಹತ್ತಕ್ಕೆ ಹೀಗಿದ್ದರು, ಈಗ ಹೀಗಿದ್ದಾರೆ, ಡಾಕ್ಟರನ್ನು ಈಗಲೇ ಕರೆಯಿರಿ’ ಎಂದಿದ್ದಾಳೆ. ಭಯವಾಗುತ್ತಿದೆ ಎಂದಷ್ಟೇ ಹೇಳಿದ್ದರೆ ಬಹುಶಃ ಸಮಾಧಾನದ ಮಾತು ಸಿಗುತ್ತಿತ್ತು. ಬರೆದದ್ದನ್ನು ತೋರಿಸಿದ್ದರಿಂದ ಡಾಕ್ಟರ್ ಬಂದರು. ಆಮೇಲೆ ನಡೆದದ್ದು ನಿಮಗೆ ಗೊತ್ತಿದೆ. ರೋಗಿ ಗೊಂದಲದ ಮಾತಾಡುವುದು, ಇದ್ದಕ್ಕಿದ್ದಂತೆ ಮಂಕಾಗುವುದು ಅಪಾಯದ ಸೂಚನೆ, ಅದನ್ನು ಹೊತ್ತಿಗೆ ಸರಿಯಾಗಿ ಗಮನಿಸಿದ್ದು ಒಳ್ಳೆಯದಾಯಿತು ಎಂದು ಬೆಳಿಗ್ಗೆ ಅವರೇ ನನಗೆ ಹೇಳಿದರು.

ನಾನು ಕೆಳಗೆ ಬೆಂಚಿನ ಮೇಲೆ ಕುಳಿತಿದ್ದೆ. ಅವಳ ಫೋನ್ ಬಂತು. ‘ಚಿಕ್ಕಪ್ಪ, ಚಿಕ್ಕಮ್ಮನನ್ನು ತೀವ್ರ ನಿಗಾ ಘಟಕಕ್ಕೆ ಕರೆದೊಯ್ಯುತ್ತಿದ್ದಾರೆ. ಡಾಕ್ಟರ್ ಜೊತೆಗಿದ್ದಾರೆ. ನೀವು ನಿಧಾನವಾಗಿ ಮೆಟ್ಟಿಲು ಹತ್ತಿ ಬನ್ನಿ, ನಾನು ಲಿಫ್ಟಿನ ಎದುರಿಗೇ ನಿಂತಿರುತ್ತೇನೆ.’ ನಿಂತಿದ್ದಳು. ನನ್ನ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು. ಬೆಳಗಾಗುವವರೆಗೆ ಎಲ್ಲವೂ ಸರಿಹೋಗುತ್ತದೆ ಎಂಬ ಮಾತನ್ನು ಅವಳು ಒಮ್ಮೆಯೂ ಆಡಲಿಲ್ಲ. ಗೊತ್ತಿದ್ದುದನ್ನು ಹೇಳಿದಳು, ಉಳಿದ ಹೊತ್ತು ಪಕ್ಕದಲ್ಲಿ ಕುಳಿತಿದ್ದಳು. ತಾಯಿ, ನಿನ್ನನ್ನು ಹೆತ್ತವರೂ ಇಲ್ಲಿ ಬಂದಿದ್ದಾರೆ. ಅವರಿಬ್ಬರಿಗೂ ನನ್ನ ಸಾಷ್ಟಾಂಗ ನಮಸ್ಕಾರ.

ಬೀಗರೇ, ಮುಹೂರ್ತ ಮುಂದೂಡಬೇಕು ಎಂದು ಕೇಳಲು ನಾನು ಮಾತು ಜೋಡಿಸಿಕೊಳ್ಳುತ್ತಿದ್ದಾಗ ನೀವೇ ಫೋನ್ ಮಾಡಿ, ‘ದಿನ ಹೋದರೆ ಹೋಗಲಿ, ತಾಯಿ ಎದುರಿಗೆ ಕುಳಿತಿರಬೇಕು’ ಎಂದಿರಿ. ನಿಮ್ಮ ಕಡೆಯ ನೆಂಟರಿಗೆ ಏನು ಹೇಳಿದಿರೋ, ಇಂದಿನವರೆಗೆ ಒಬ್ಬರೂ ನನ್ನನ್ನು ಒಂದು ಪ್ರಶ್ನೆ ಕೇಳಲಿಲ್ಲ. ಆ ಭಾರವನ್ನು ನೀವು ಹೊತ್ತಿರಿ.

ಮಗಳೇ, ಅಳಿಯಂದಿರೇ, ನೂರ್ಕಾಲ ಸುಖವಾಗಿ ಬಾಳಿ. ಒಬ್ಬರ ಮಾತು ತಡವಾದರೆ ಇನ್ನೊಬ್ಬರಿಗೆ ಅದು ಗೊತ್ತಾಗುವಷ್ಟು ಹತ್ತಿರವಿರಿ. ಮಗಳೇ, ನಿನ್ನ ವಾರಗಿತ್ತಿಗೆ ಹುಷಾರಿಲ್ಲದ ದಿನ ಅವಳ ಮಗುವನ್ನು ಎತ್ತಿಕೊಳ್ಳುವ ಕೈ ನಿನ್ನದಾಗಿರಲಿ. ಅಳಿಯಂದಿರೇ, ನಿಮ್ಮ ಅಣ್ಣ ಅತ್ತಿಗೆಯನ್ನು ಹೇಗೆ ನಡೆಸಿಕೊಂಡಿದ್ದಾರೋ ನನ್ನ ಮಗಳನ್ನೂ ಹಾಗೆಯೇ ನಡೆಸಿಕೊಳ್ಳಿ. ಅದಕ್ಕಿಂತ ಹೆಚ್ಚಿನದನ್ನು ನಾನು ಕೇಳುವುದಿಲ್ಲ. ದೇವರು ಎರಡೂ ಮನೆಗಳನ್ನು ಚೆನ್ನಾಗಿಟ್ಟಿರಲಿ.

ನನ್ನ ಹೆಂಡತಿಯನ್ನು ಮಾತನಾಡಿಸಬೇಕೆಂದು ತುಂಬಾ ಜನ ಕಾಯುತ್ತಿದ್ದೀರಿ. ಅವಳಿಗೆ ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ. ಪಕ್ಕದಲ್ಲಿ ಎರಡು ಕುರ್ಚಿ ಹಾಕಿಸಿದ್ದೇವೆ, ಇಬ್ಬಿಬ್ಬರಾಗಿ ಹೋಗಿ ಕುಳಿತೇ ಮಾತನಾಡಿಸಿ.