ತಮ್ಮನ ಗಿರಣಿ ಪೂಜೆಯಲ್ಲಿ ಅಕ್ಕ ಆಡಿದ ಮಾತು

ಎಲ್ಲರಿಗೂ ನಮಸ್ಕಾರ. ನಮ್ಮ ತಮ್ಮನ ಕೈಗೆ ಮೈಕ್ ಕೊಟ್ಟರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಒಂದು ಸಲ ಕೆಮ್ಮುತ್ತಾನೆ, "ಊಟ ಮಾಡ್ಕೊಂಡು ಹೋಗಿ" ಅಂತಾನೆ, ಇಳಿದು ಹೋಗ್ತಾನೆ. ಅದಕ್ಕೇ ನಾನು ನಿಂತಿದ್ದೇನೆ. ಜಾಸ್ತಿ ಹೊತ್ತು ತಗೊಳ್ಳಲ್ಲ, ಸಾರು ಆರಿಹೋಗುತ್ತದೆ.

ಅವನಿಗೆ ಏನಾಯಿತು, ಎಷ್ಟು ದಿನ ಮಲಗಿದ್ದ, ಹಳೇ ಕೆಲಸಕ್ಕೆ ಯಾಕೆ ವಾಪಸ್ ಹೋಗಲಿಲ್ಲ, ಅದನ್ನೆಲ್ಲ ಇಲ್ಲಿ ಹೇಳಲ್ಲ. ನಿಮ್ಮಲ್ಲಿ ಅರ್ಧ ಜನ ಆಗ ಆಸ್ಪತ್ರೆಗೆ ಬುತ್ತಿ ತಂದವರೇ.

ಮೊದಲು ಒಂದೇ ಉಸಿರಿನಲ್ಲಿ ಕೆಲವರಿಗೆ ಧನ್ಯವಾದ ಹೇಳಿಬಿಡುತ್ತೇನೆ. ಜಾಗ ಬಾಡಿಗೆಗೆ ಕೊಟ್ಟು ಅಡ್ವಾನ್ಸನ್ನು ಕಂತಿನಲ್ಲಿ ತಗೊಂಡ ಅಜ್ಜಿಗೆ, ಶೆಡ್ಡಿನ ಶೀಟು ಹೊದಿಸಿದ ಹುಡುಗರಿಗೆ, ಸಬ್ಸಿಡಿ ಸಾಲದ ಕಾಗದ ಪತ್ರ ತುಂಬಿಕೊಟ್ಟ ಸೊಸೈಟಿ ಅಣ್ಣನಿಗೆ, ಬಳೆ ಬಿಚ್ಚಿಕೊಟ್ಟು "ಆಮೇಲೆ ಮಾಡಿಸಿದರಾಯಿತು" ಅಂದ ಅಮ್ಮನಿಗೆ. ಬಳೆ ಯಾಕೆ ಬೇಕಾಯಿತು ಅಂತ ಕೇಳಿದವರಿಗೆ ಒಂದು ಮಾತು. ಪಿಎಂಎಫ್‌ಎಂಇ ಅನ್ನುವ, ಸಣ್ಣ ಆಹಾರ ಉದ್ಯಮಗಳಿಗೆ ಇರುವ ಕೇಂದ್ರದ ಯೋಜನೆಯಲ್ಲಿ ಸಬ್ಸಿಡಿ ಶೇಕಡಾ 35 ಅಂತ ಇದೆ, ನಿಜ. ಆದರೆ ಅದು ಕೈಗೆ ಬರುವ ದುಡ್ಡಲ್ಲ, ಸಾಲದ ಲೆಕ್ಕಕ್ಕೆ ಹೋಗುವ ದುಡ್ಡು. ಮೊದಲು ನಮ್ಮ ಪಾಲು ಅಂತ ಕನಿಷ್ಠ ಶೇಕಡಾ 10 ನಾವೇ ಹಾಕಬೇಕು. ನಿಮ್ಮ ಮನೆ ಮಕ್ಕಳೂ ಹೀಗೆ ಏನಾದರೂ ಶುರು ಮಾಡ್ತೀನಿ ಅಂದರೆ ಆ ಹತ್ತನ್ನು ಮೊದಲು ಹೊಂದಿಸಿಟ್ಟುಕೊಳ್ಳಿ.

ಇನ್ನು ನಿಜವಾಗಿ ಹೇಳಬೇಕಾದ ಮಾತು. ಅಲ್ಲಿ ಕಂಬದ ಪಕ್ಕ, ಬೇಕಂತಲೇ ಹಿಂದೆ ಕೂತಿದ್ದಾರಲ್ಲ, ಅವರ ಬಗ್ಗೆ. ಹೆಸರು ಹೇಳಬೇಡ ಅಂದಿದ್ದಾರೆ. ಹೇಳಲ್ಲ. ಸುತ್ತಮುತ್ತ ಎಲ್ಲರೂ ಗಿರಣಿ ಮಾವ ಅಂತಲೇ ಕರೆಯುವುದು. ನಮಗೆ ಸಂಬಂಧ ಅಲ್ಲ, ನೆಂಟರಲ್ಲ. ರಸ್ತೆ ಅಗಲ ಮಾಡುವಾಗ ಅವರ ಗಿರಣಿಯ ಮುಂಭಾಗ ಹೋಯಿತು. ಉಳಿದ ಜಾಗದಲ್ಲಿ ಈಗಲೂ ಗಿರಣಿ ಓಡಿಸುತ್ತಿದ್ದಾರೆ. ಅಂದರೆ ಈ ಗಿರಣಿಗೆ ಬರುವ ಪ್ರತಿ ಚೀಲವೂ ಅವರ ಗಿರಣಿಗೆ ಹೋಗಬೇಕಾಗಿದ್ದ ಚೀಲ. ಅದನ್ನು ತಿಳಿದೂ ಅವರು ಮೊನ್ನೆ ರಾತ್ರಿ ಬಂದರು.

ಮೊನ್ನೆ ಟ್ರಯಲ್ ಇತ್ತು. ಸ್ವಿಚ್ ಒತ್ತಿದರೆ ಮೋಟಾರು ಉಲ್ಟಾ ತಿರುಗಿತು. ನಾನು ಹೆದರಿದೆ. ವೈರ್‌ಮನ್ ಹುಡುಗ ನಕ್ಕ. ಮೂರು ಫೇಸಿನ ಮೋಟಾರು, ಯಾವುದಾದರೂ ಎರಡು ಫೇಸಿನ ವೈರನ್ನು ಅದಲು ಬದಲು ಮಾಡಿದರೆ ಸರಿಯಾಗುತ್ತದೆ ಅಂದ. ಹಾಗೇ ಆಯಿತು. ಅಲ್ಲಿಗೆ ಕಷ್ಟ ಮುಗಿಯಿತು ಅಂದುಕೊಂಡೆವು.

ರಾಗಿ ಹಾಕಿದೆವು. ಹಿಟ್ಟು ಬಂತು. ಅಮ್ಮ ಮೊದಲ ಹಿಡಿ ದೇವರಿಗೆ ಅಂತ ಎತ್ತಿಟ್ಟರು. ಅಷ್ಟರಲ್ಲಿ ಬೆಲ್ಟು ಒಂದು ಕಡೆ ಸರಿದು ಸುಟ್ಟ ವಾಸನೆ ಬಂತು, ತಮ್ಮ ಅತ್ತ ಓಡಿದ. ಬೆಲ್ಟು ನೋಡುತ್ತಾ ನೋಡುತ್ತಾ ಮೇಲೆ ಕಾಳು ಸುರಿಯುವ ಹಾಪರಿನಲ್ಲಿ ರಾಗಿ ಖಾಲಿಯಾದದ್ದು ಯಾರಿಗೂ ಗೊತ್ತಾಗಲಿಲ್ಲ. ಗಿರಣಿಯಲ್ಲಿ ಎರಡು ಕಲ್ಲು. ಒಂದು ಅಲುಗಾಡುವುದಿಲ್ಲ, ಇನ್ನೊಂದು ತಿರುಗುತ್ತದೆ. ನಡುವೆ ಕಾಳು ಇರುವವರೆಗೆ ಅವು ಒಂದನ್ನೊಂದು ಮುಟ್ಟುವುದಿಲ್ಲ. ಕಾಳು ಮುಗಿದರೆ, ಬಿಗಿ ಇಟ್ಟಿದ್ದರೆ, ಕಲ್ಲು ಕಲ್ಲನ್ನೇ ಅರೆಯುತ್ತದೆ. ಕಿಡಿ ಹಾರಿದ ವಾಸನೆ ಬರುತ್ತದೆ. ಬಂದಿತ್ತು. ನಾವು ಅದನ್ನು ಬೆಲ್ಟಿನ ವಾಸನೆ ಅಂದುಕೊಂಡೆವು.

ಮತ್ತೆ ರಾಗಿ ಸುರಿದು ಚೀಲ ಮುಗಿಸಿದೆವು. ಹಿಟ್ಟು ಮುಟ್ಟಿದರೆ ಸುಡುತ್ತಿತ್ತು. ಅಮ್ಮ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ನರನರ ಅಂತ ಸದ್ದು ನನಗೇ ಕೇಳಿಸಿತು.

ಒಂದು ಚೀಲ ರಾಗಿ, ಪೂರಾ ಹೋಯಿತು. ಕಲ್ಲಿನ ಹುಡಿ ಸೇರಿದ ಹಿಟ್ಟನ್ನು ಜರಡಿ ಹಿಡಿದರೆ ಸರಿಹೋಗಲ್ಲ, ಆ ಹುಡಿಯೂ ಹಿಟ್ಟಿನಷ್ಟೇ ಸಣ್ಣ. ಮೆಷಿನ್ ಕೊಟ್ಟವರಿಗೆ ಫೋನ್ ಮಾಡಿದರೆ "ಸೋಮವಾರ ಮೆಕ್ಯಾನಿಕ್ ಕಳಿಸ್ತೀವಿ" ಅಂದರು. ಪೂಜೆ ಇದ್ದದ್ದು ಶುಕ್ರವಾರ, ಅಂದರೆ ಇವತ್ತು.

ತಮ್ಮ ಹೊರಗೆ ಮೆಟ್ಟಿಲ ಮೇಲೆ ಕೂತುಬಿಟ್ಟ. "ಬೇಡ ಅಕ್ಕ, ಬಿಟ್ಟುಬಿಡೋಣ" ಅಂದ.

ಆ ಮಾತನ್ನು ನಾನು ಅವನ ಬಾಯಲ್ಲಿ ಅದಕ್ಕೂ ಮುಂಚೆ ಒಂದು ಸಲ ಕೇಳಿದ್ದೆ. ಆವಾಗ ಅವನು ಹೇಳಿದ್ದು ಗಿರಣಿಯ ಬಗ್ಗೆ ಅಲ್ಲ. ಆವತ್ತು ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ, ಕೈ ಮಾತ್ರ ಬಿಟ್ಟಿರಲಿಲ್ಲ. ಮೊನ್ನೆ ಅದೇ ದನಿ ಕೇಳಿದಾಗ ನನ್ನ ಕಾಲಿನಲ್ಲಿ ಶಕ್ತಿಯೇ ಇರಲಿಲ್ಲ. ಕ್ಷಮಿಸಿ, ಒಂದು ನಿಮಿಷ.

ಹೂಂ. ಸರಿ.

ಗಿರಣಿ ಮಾವನಿಗೆ ಯಾರು ಹೇಳಿದರೋ ಈಗಲೂ ಗೊತ್ತಿಲ್ಲ. ರಾತ್ರಿ ಊಟದ ಹೊತ್ತು ಮೀರಿತ್ತು, ಟಿವಿಎಸ್ ಗಾಡಿಯಲ್ಲಿ ಬಂದರು. ಮುಂದೆ ಒಂದು ಗೋಣಿಚೀಲ. ಅದರಲ್ಲಿ ಉಳಿ, ಸುತ್ತಿಗೆ, ಒಂದು ನೇರವಾದ ಮರದ ಪಟ್ಟಿ, ಕಾಗದದಲ್ಲಿ ಕಟ್ಟಿದ ಕೆಮ್ಮಣ್ಣು. ಸಮಾಧಾನ ಹೇಳಲಿಲ್ಲ, ಏನಾಯಿತು ಅಂತಲೂ ಕೇಳಲಿಲ್ಲ. ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, ಮೂಸಿ, "ಕಲ್ಲು ಬಿಚ್ಚು" ಅಂದರು.

ಆಮೇಲೆ ಅವರು ಮಾಡಿದ್ದನ್ನು ವಿವರವಾಗಿ ಹೇಳುತ್ತೇನೆ. ಆ ಕೈಕೆಲಸ ಗೊತ್ತಿರುವವರು ನಮ್ಮ ಕಡೆ ಈಗ ಬಹಳ ಕಡಿಮೆ.

ಕೆಮ್ಮಣ್ಣನ್ನು ನೀರಲ್ಲಿ ಕಲಸಿ ಆ ಮರದ ಪಟ್ಟಿಗೆ ತೆಳ್ಳಗೆ ಬಳಿದರು. ಪಟ್ಟಿಯನ್ನು ಕಲ್ಲಿನ ಮೇಲೆ ಸುತ್ತಲೂ ಆಡಿಸಿದರು. ಕಲ್ಲಿನಲ್ಲಿ ಎಲ್ಲೆಲ್ಲಿ ಉಬ್ಬು ಇದೆಯೋ ಅಲ್ಲಿ ಕೆಂಪು ಹತ್ತಿತು. ಹೊಸ ಕಲ್ಲು, ಕಣ್ಣಿಗೆ ಸಮ ಅಂತಲೇ ಕಾಣುತ್ತಿತ್ತು, ಆದರೆ ಒಂದು ಪಕ್ಕ ಪೂರಾ ಕೆಂಪಾಯಿತು. ಕೆಂಪು ಹತ್ತಿದ ಕಡೆ ಮಾತ್ರ ಉಳಿಯಿಂದ ಸಣ್ಣಗೆ ತೆಗೆಯುವುದು, ಒರೆಸುವುದು, ಮತ್ತೆ ಪಟ್ಟಿ ಆಡಿಸುವುದು. ಅಂಚಿನ ಸುತ್ತ ಒಂದೇ ಸಮ ಕೆಂಪು ಬರುವ ತನಕ ಇದೇ ಕೆಲಸ. ನಡುವೆ ಮಾತ್ರ ತುಸು ತಗ್ಗು ಬಿಡಬೇಕಂತೆ. ಕಾಳು ಬೀಳುವುದು ಅಲ್ಲಿ, ಅದಕ್ಕೆ ಒಳಗೆ ಹೋಗಲು ಜಾಗ ಬೇಕು. ಅಲ್ಲೇ ಒಡೆದು, ಹೊರಕ್ಕೆ ಸರಿಯುತ್ತಾ ಸರಿಯುತ್ತಾ ಅಂಚಿನಲ್ಲಿ ನುಣ್ಣಗಾಗುತ್ತದೆ. ನಡುವೆಯೇ ಬಿಗಿಯಾದರೆ ಕಾಳು ಅಲ್ಲೇ ನಿಂತು ಬಿಸಿಯಾಗುತ್ತದೆ, ಹಿಟ್ಟು ಸುಡುತ್ತದೆ. ಸುಟ್ಟ ಹಿಟ್ಟಿನ ಮುದ್ದೆಗೆ ಅಂಟು ಇರಲ್ಲ, ರುಚಿಯೂ ಇರಲ್ಲ.

ತಮ್ಮ ಮೊದಲು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಮಾವ ತಲೆ ಎತ್ತದೆ ಉಳಿಯನ್ನು ಅವನ ಕಡೆ ಚಾಚಿದರು. ಅವನು ತನ್ನ ಬಲಗೈ ನೋಡಿಕೊಂಡ. ಆ ಕೈ ಈಗ ಹೇಗಿದೆ ಅಂತ ನಿಮಗೆ ಗೊತ್ತು. ಮಾವ ಅಂದದ್ದು ಇಷ್ಟೇ: "ಎಡಗೈಲಿ ಹೊಡಿ. ನಿಧಾನ ಆಗ್ತದೆ, ಕಲ್ಲಿಗೇನು ಅರ್ಜೆಂಟಿಲ್ಲ."

ಹೊಡೆದ. ಮೊದಲು ಓರೆ ಹೋಯಿತು, ಬೆರಳಿಗೂ ಬಿತ್ತು. ಮಾವ ಬೈದರು, ಚೆನ್ನಾಗಿಯೇ ಬೈದರು. ಪೆಟ್ಟಾದ ಮೇಲೆ ನಾವ್ಯಾರೂ ಅವನಿಗೆ ಬೈದಿರಲಿಲ್ಲ. ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದೆವು. ಬೈಗುಳ ತಿಂದು ಅವನು ಬೆನ್ನು ನೆಟ್ಟಗೆ ಮಾಡಿ ಕೂತದ್ದನ್ನು ನಾನು ಕಣ್ಣಾರೆ ಕಂಡೆ.

ಕೋಳಿ ಕೂಗುವ ಹೊತ್ತಿಗೆ ಕಲ್ಲು ಜೋಡಿಸಿದರು. ತಕ್ಷಣ ರಾಗಿ ಹಾಕಲು ಬಿಡಲಿಲ್ಲ. ಕೆತ್ತಿದ ಕಲ್ಲಿನಲ್ಲಿ ಹುಡಿ ಇರುತ್ತದೆ, ಅದನ್ನು ಗುಡಿಸಿದರೆ ಹೋಗಲ್ಲ. ಮೊದಲು ತೌಡು ಓಡಿಸಿದರು, ಅದನ್ನು ಚೆಲ್ಲಿಸಿದರು. ಆಮೇಲೆ ಹುಳು ಬಿದ್ದ ಜೋಳ, ಅದನ್ನೂ ತಿಪ್ಪೆಗೇ ಹಾಕಿಸಿದರು. ದನಕ್ಕೂ ಹಾಕಬೇಡ ಅಂದರು. ಮೂರನೆಯದು ರಾಗಿ. ಒಂದು ಚಿಟಿಕೆ ಮುಂದಿನ ಹಲ್ಲಿನ ನಡುವೆ ಇಟ್ಟು ಕಣ್ಣು ಮುಚ್ಚಿ ಕಡಿದರು. ಸದ್ದಿಲ್ಲ. ಹಿಟ್ಟಿನೊಳಗೆ ಕೈ ಇಟ್ಟರೆ ಬೆಚ್ಚಗೆ, ಅಷ್ಟೇ. ನಿಲ್ಲಿಸುವಾಗ ಮೊದಲು ಕಲ್ಲು ಸಡಿಲ ಮಾಡಿ, ಆಮೇಲೆ ಸ್ವಿಚ್ ಆಫ್ ಮಾಡುವುದನ್ನು ತಮ್ಮನ ಕೈಯಲ್ಲೇ ಮತ್ತೆ ಮತ್ತೆ ಮಾಡಿಸಿದರು. ಹಾಪರಿನಲ್ಲಿ ಒಂದು ಬೊಗಸೆ ಕಾಳು ಉಳಿದಿರುವಾಗಲೇ ಸಡಿಲ ಮಾಡಬೇಕು ಅನ್ನುವುದು ಈಗ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿದೆ. ಲಕ್ಷ್ಮಿ ಫೋಟೋದ ಪಕ್ಕ ಇದೆ, ನೋಡಿ.

ದುಡ್ಡು ಕೊಡಲು ಹೋದೆ. ಮಾವ ಕೋಪ ಮಾಡಿಕೊಂಡರು. "ನಿಮ್ಮ ಗಿರಾಕಿ ಇಲ್ಲಿಗೆ ಬರ್ತಾರಲ್ಲ ಮಾವ, ನಿಮಗೆ ಬೇಜಾರಿಲ್ವಾ?" ಅಂತ ಕೇಳಿಯೇಬಿಟ್ಟೆ. "ಕೆಟ್ಟ ಹಿಟ್ಟು ಮಾಡೋ ಗಿರಣಿ ಒಂದಿದ್ರೆ ಜನ ಪ್ಯಾಕೆಟ್ ಹಿಟ್ಟಿಗೆ ಹೋಗ್ತಾರೆ, ಆಮೇಲೆ ನನ್ನ ಹತ್ರಾನೂ ಬರಲ್ಲ" ಅಂದರು. ಇದು ಪೂರ್ತಿ ನಿಜ ಅಂತ ನಾನು ನಂಬಲ್ಲ. ವ್ಯಾಪಾರದ ಲೆಕ್ಕ ಹಾಕುವವರು ಟಿವಿಎಸ್ ಹತ್ತಿ ಆ ರಾತ್ರಿ ಬರುವುದಿಲ್ಲ. ಮಾವ, ನೀವು ಏನೇ ಹೇಳಿ, ನಾವು ನಿಮಗೆ ಋಣಿ.

ಇನ್ನೊಬ್ಬರಿದ್ದಾರೆ, ಮುಂದಿನ ಸಾಲಿನ ದೊಡ್ಡಪ್ಪ. ತಮ್ಮ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದಾಗ ಇವರು ಅಂಗಳದಲ್ಲಿ ನಿಂತು "ಬೆಳೆಯುವ ಸಿರಿ ಮೊಳಕೆಯಲ್ಲಿ" ಅಂತ ಹೇಳಿ ನಕ್ಕಿದ್ದರು. ಮರೆತಿಲ್ಲ ದೊಡ್ಡಪ್ಪ! ಆದರೆ ಇವತ್ತು ಮೊದಲ ಗಿರಾಕಿಯಾಗಿ ಬಂದವರೂ ಇವರೇ, ತಂದಿರುವುದು ಮೊಳಕೆ ಬರಿಸಿದ ರಾಗಿ. ಮೊಮ್ಮಗುವಿಗೆ ಸರಿ ಹಿಟ್ಟು ಬೇಕಂತೆ. ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಒಡೆದ ಮೇಲೆ ಒಣಗಿಸಿ ತಂದಿದ್ದಾರೆ. ತಮ್ಮ ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದು ನೋಡಿದ. ಕಟ್ ಅನ್ನಲಿಲ್ಲ, ಮೆತ್ತಗಿತ್ತು. ಅಂಗೈಯಲ್ಲಿ ಉಜ್ಜಿದ, ಮೊಳಕೆ ಉದುರಲಿಲ್ಲ. "ಇನ್ನೊಂದು ಬಿಸಿಲು ಬೇಕು ದೊಡ್ಡಪ್ಪ. ಹೀಗೇ ಹಾಕಿದರೆ ಕಲ್ಲಿಗೆ ಮೆತ್ತಿಕೊಳ್ತದೆ, ಹಿಟ್ಟೂ ಬೇಗ ಮುಗ್ಗು ಬರ್ತದೆ" ಅಂತ ಮೊದಲ ಗಿರಾಕಿಯನ್ನೇ ವಾಪಸ್ ಕಳಿಸಿದ. ಪೂಜೆಯ ದಿನ ಬೋಣಿ ಬಿಟ್ಟ! ಅಮ್ಮ ಹಣೆ ಚಚ್ಚಿಕೊಂಡರು. ಹಿಂದೆ ಕೂತಿದ್ದ ಮಾವ ಮಾತ್ರ ತಲೆ ಆಡಿಸಿದರು.

ದೊಡ್ಡಪ್ಪ, ನೀವು ಹೇಳಿದ ಗಾದೆ ಸರಿಯಾಗಿಯೇ ಇದೆ. ನೋಡುವುದಕ್ಕೆ ಸ್ವಲ್ಪ ಬೇಗ ಬಂದಿದ್ದಿರಿ ಅಷ್ಟೇ.

ಆಯಿತು, ಮುಗಿಸಿದೆ. ಇವತ್ತಿನ ಮುದ್ದೆ ಆ ಮೂರನೇ ಸಲದ ಹಿಟ್ಟಿನದೇ, ಧೈರ್ಯವಾಗಿ ನುಂಗಿ. ನಾಳೆಯಿಂದ ಬೆಳಿಗ್ಗೆ ರಾಗಿ, ಗೋಧಿ, ಅಕ್ಕಿ. ಮೆಣಸಿನಕಾಯಿ ಚೀಲ ತಂದು ಬಾಗಿಲಲ್ಲಿ ಇಟ್ಟಿದ್ದೀರಲ್ಲ, ಯಾರೋ ಗೊತ್ತಿಲ್ಲ, ದಯವಿಟ್ಟು ವಾಪಸ್ ತಗೊಂಡು ಹೋಗಿ. ಖಾರಕ್ಕೆ ಬೇರೆ ಮೆಷಿನ್ ಬರಬೇಕು, ಅದಕ್ಕೆ ಇನ್ನೂ ದುಡ್ಡು ಕೂಡಿಲ್ಲ. ಅಲ್ಲಿಯ ತನಕ ಖಾರದ ಪುಡಿಗೆ ಗಿರಣಿ ಮಾವನ ಹತ್ತಿರವೇ ಹೋಗಬೇಕು.